ಬಾಕ್ಸ್ ರೇಟ್ ಮಾತುಕತೆಗೆ ಮುನ್ನ: ಐದು ಪ್ಲೈ ರಟ್ಟಿನ ಪೆಟ್ಟಿಗೆಯ ವೆಚ್ಚವನ್ನು ನೀವೇ ಬಿಡಿಸುವ ಸಮಗ್ರ ಮಾರ್ಗದರ್ಶಿ

ಪೀಣ್ಯ, ಬೊಮ್ಮಸಂದ್ರ, ಜಿಗಣಿ ಕಡೆಯ ಪರ್ಚೇಸ್ ವಿಭಾಗಗಳಲ್ಲಿ ಒಂದೇ ಎಡವಟ್ಟು ವರ್ಷವರ್ಷವೂ ನಡೆಯುತ್ತದೆ. ಮೂರು ಕೊಟೇಶನ್ ತರಿಸುತ್ತಾರೆ, ಕಡಿಮೆ ಇರುವವರನ್ನು ಕೂರಿಸಿಕೊಂಡು “ಇನ್ನೂ ಐದು ಪರ್ಸೆಂಟ್ ಬಿಡಿ” ಎನ್ನುತ್ತಾರೆ, ಸಪ್ಲೈಯರ್ ಮೂರು ಬಿಡುತ್ತಾರೆ. ಎರಡು ತಿಂಗಳಲ್ಲಿ ಗೋಡೌನ್‌ನ ಕೆಳಸಾಲಿನ ಬಾಕ್ಸ್‌ಗಳು ಹೊಟ್ಟೆ ಬಿಟ್ಟುಕೊಳ್ಳುತ್ತವೆ. ಬಿಟ್ಟ ಮೂರು ಪರ್ಸೆಂಟ್ ಎಲ್ಲಿಂದ ಬಂತು ಎಂದು ಕೇಳದೆ ಇದ್ದುದರಿಂದ ಅದು ಪೇಪರ್‌ನಿಂದಲೇ ಬಂದಿರುತ್ತದೆ.

ಈ ಬಾಕ್ಸ್‌ಗೆ ನ್ಯಾಯವಾಗಿ ಎಷ್ಟು ಖರ್ಚಾಗಬೇಕು ಎಂಬ ಲೆಕ್ಕವನ್ನು ನಿಮ್ಮ ಮೇಜಿನ ಮೇಲಿರುವ ಬಾಕ್ಸ್‌ನಿಂದಲೇ ಹೇಗೆ ತೆಗೆಯುವುದು, ಆ ಲೆಕ್ಕಕ್ಕೂ ಕೊಟೇಶನ್‌ಗೂ ಇರುವ ಅಂತರವನ್ನು ಕಾರಣವಾರು ಹೇಗೆ ಬಿಡಿಸುವುದು ಎಂಬುದಷ್ಟೇ ಇಲ್ಲಿನ ವಿಷಯ. ಉದಾಹರಣೆಗೆ ಒಂದೇ ಬಾಕ್ಸ್ ಹಿಡಿದುಕೊಳ್ಳೋಣ: ಒಳ ಅಳತೆ 450 × 300 × 300 ಮಿ.ಮೀ., ಐದು ಪ್ಲೈ, ಒಂದು ಬಣ್ಣದ ಮುದ್ರಣ, ತಂತಿ ಸ್ಟಿಚಿಂಗ್, ಮೇಲೆ ಕೆಳಗೆ ನಾಲ್ಕು ನಾಲ್ಕು ಫ್ಲ್ಯಾಪ್ ಇರುವ ಸಾಮಾನ್ಯ ಮಾದರಿ. ತಿಂಗಳಿಗೆ 1,500 ಬಾಕ್ಸ್ ಬೇಕು. ಕೊಟೇಶನ್ ಜಿಎಸ್‌ಟಿ ಬಿಟ್ಟು ₹46.

ಕೆಳಗೆ ಬರುವ ಕೆ.ಜಿ. ದರ, ಬಾಡಿಗೆ, ಕೂಲಿ ಎಲ್ಲವೂ ಲೆಕ್ಕ ತೋರಿಸಲು ಹಿಡಿದ ಅಂಕಿಗಳು. ಕ್ರಾಫ್ಟ್ ಪೇಪರ್ ದರ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ನೀವು ಕೂರುವ ವಾರದ ದರವನ್ನೇ ಹಾಕಿಕೊಳ್ಳಿ.

## ಮೊದಲು ಜೋಡಿಸಿಕೊಳ್ಳಬೇಕಾದವು

ಬಳಸದ ಎರಡು ಬಾಕ್ಸ್, ಸ್ಟೀಲ್ ಸ್ಕೇಲ್, ಕಟರ್, ಬಿಸಿನೀರಿನ ಒಂದು ತಟ್ಟೆ, 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ, ಇಡೀ ಬಾಕ್ಸ್ ತೂಗಲು ಇನ್ನೊಂದು ತಕ್ಕಡಿ. ಜೊತೆಗೆ ಹಳೆಯ ಪಿಒ, ಕಳೆದ ಆರು ತಿಂಗಳ ಡೆಲಿವರಿ ಚಲನ್‌ಗಳು. ಚಲನ್ ಯಾಕೆ ಎಂಬುದು ಆರನೇ ಹಂತದಲ್ಲಿ ಗೊತ್ತಾಗುತ್ತದೆ.

ಎಕ್ಸೆಲ್ ತೆರೆದು ಕೂರುವುದಕ್ಕೆ ಮೊದಲು ಬಾಕ್ಸ್ ಕೊಯ್ಯಬೇಕು. ಈ ಕ್ರಮ ತಪ್ಪಿದರೆ ಉಳಿದ ಲೆಕ್ಕವೆಲ್ಲ ಕೊಟೇಶನ್‌ನಲ್ಲಿ ಬರೆದದ್ದರ ಮೇಲೆ ನಿಲ್ಲುತ್ತದೆ. ಬರೆದದ್ದು ಒಂದು, ಬಂದದ್ದು ಇನ್ನೊಂದು ಆಗಿದ್ದರೆ ನಿಮಗೆ ತಿಳಿಯುವುದೇ ಇಲ್ಲ.

## ಹಂತ 1: ಬಾಕ್ಸ್ ಬಿಚ್ಚಿ ಪದರ ಪದರವಾಗಿ ತೂಗುವುದು

ಮೊದಲು ಇಡೀ ಬಾಕ್ಸ್ ತೂಗಿ ಬರೆದಿಡಿ. ಆಮೇಲೆ ಮುದ್ರಣ, ಮಡಿಕೆ ಇಲ್ಲದ ಜಾಗದಿಂದ ಸರಿಯಾಗಿ 10 × 10 ಸೆಂ.ಮೀ. ತುಂಡು ಕೊಯ್ದು ತೂಗಿ. ಗ್ರಾಂನಲ್ಲಿ ಬಂದ ತೂಕವನ್ನು ನೂರರಿಂದ ಗುಣಿಸಿದರೆ ಒಂದು ಚದರ ಮೀಟರ್ ಬೋರ್ಡ್‌ನ ತೂಕ. ನಮ್ಮ ಬಾಕ್ಸ್‌ನಲ್ಲಿ ತುಂಡು 8.1 ಗ್ರಾಂ, ಅಂದರೆ 810 ಜಿಎಸ್‌ಎಂ ಬೋರ್ಡ್.

ಆ ತುಂಡನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಸ್ಟಾರ್ಚ್ ಅಂಟು ಬಿಟ್ಟುಕೊಂಡು ಐದು ಪದರಗಳೂ ಒಂದೊಂದಾಗಿ ಕಳಚುತ್ತವೆ. ಅಂಟನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿ ತೊಳೆದು, ನೆರಳಲ್ಲಿ ಒಂದು ದಿನ ಒಣಗಿಸಿ. ಬಿಸಿಲಲ್ಲಿ ಅಥವಾ ಒಲೆಯ ಮೇಲೆ ಒಣಗಿಸಬೇಡಿ. ಪೇಪರ್‌ನಲ್ಲಿ ಸಹಜವಾಗಿಯೇ ಏಳೆಂಟು ಪರ್ಸೆಂಟ್ ತೇವ ಇರುತ್ತದೆ, ಗಿರಣಿ ಹೇಳುವ ಜಿಎಸ್‌ಎಂ ಆ ತೇವ ಸೇರಿಸಿಯೇ. ಪೂರ್ತಿ ಒಣಗಿಸಿಬಿಟ್ಟರೆ ಒಳ್ಳೆಯ ಪೇಪರ್ ಕೂಡ ಕಡಿಮೆ ತೂಗಿ, ಸಪ್ಲೈಯರ್ ಮೇಲೆ ಅನ್ಯಾಯದ ಆರೋಪ ಹೊರಿಸಿದಂತಾಗುತ್ತದೆ.

ಒಣಗಿದ ಮೇಲೆ ಚಪ್ಪಟೆಯಾಗಿರುವ ಮೂರು ಲೈನರ್‌ಗಳನ್ನು ತೂಗಿ: ನಮ್ಮ ಬಾಕ್ಸ್‌ನಲ್ಲಿ ಹೊರಗಿನದು 1.8, ನಡುವಿನದು 1.2, ಒಳಗಿನದು 1.5 ಗ್ರಾಂ. ಅಂದರೆ 180, 120, 150 ಜಿಎಸ್‌ಎಂ. ಉಳಿದ ಅಂಟಿನಿಂದ 0.1 ಗ್ರಾಂನಷ್ಟು ಹೆಚ್ಚು ಬಂದರೆ ಗಾಬರಿ ಬೇಡ, ಮಾರುಕಟ್ಟೆಯಲ್ಲಿ ಸಿಗುವ ಹತ್ತಿರದ ಜಿಎಸ್‌ಎಂ ಹಿಡಿದುಕೊಳ್ಳಿ.

ಅಲೆಯಲೆಯಾದ ಎರಡು ಫ್ಲೂಟ್ ಪದರಗಳದ್ದು ಬೇರೆ ಲೆಕ್ಕ. ಒದ್ದೆಯಿರುವಾಗಲೇ ಅಲೆ ಬಿಡಿಸಿ, ಹರಿಯದಂತೆ ಸಪಾಟಾಗಿ ಹರಡಿ, ಉದ್ದ ಅಳೆಯಿರಿ. 10 ಸೆಂ.ಮೀ. ಬೋರ್ಡ್‌ನಿಂದ ತೆಗೆದ ಫ್ಲೂಟ್ ನೆಟ್ಟಗಾದಾಗ 14 ಸೆಂ.ಮೀ. ಆಯಿತು ಎಂದರೆ ಅಲೆಗೆ ಹೋಗುವ ಪೇಪರ್ 1.4 ಪಟ್ಟು. ಈ ಸಂಖ್ಯೆಯನ್ನು ಪುಸ್ತಕದಿಂದ ತೆಗೆದುಕೊಳ್ಳಬೇಡಿ. ಬಿ ಫ್ಲೂಟ್‌ಗೆ ಸಾಮಾನ್ಯವಾಗಿ 1.3ರ ಆಸುಪಾಸು, ಸಿ ಫ್ಲೂಟ್‌ಗೆ 1.4ಕ್ಕಿಂತ ತುಸು ಮೇಲೆ, ಎ ಫ್ಲೂಟ್‌ಗೆ 1.5ರ ಆಸುಪಾಸು ಬರುತ್ತದೆ. ಆದರೆ ಸಣ್ಣ ಕಾರ್ಖಾನೆಗಳಲ್ಲಿ ಅಲೆ ಮಾಡುವ ಯಂತ್ರಗಳಾದ ಸಿಂಗಲ್ ಫೇಸರ್‌ಗಳಲ್ಲಿ ರೋಲರ್ ಸವೆದಷ್ಟೂ ಇದು ಬದಲಾಗುತ್ತದೆ. ನಿಮ್ಮ ಸಪ್ಲೈಯರ್‌ನ ಯಂತ್ರ ಮಾಡಿದ ಅಲೆಯನ್ನೇ ಅಳೆದರೆ ಅವರು ಎದುರು ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ನಮ್ಮ ಫ್ಲೂಟ್ ತುಂಡು 1.68 ಗ್ರಾಂ ತೂಗಿತು. ಅದನ್ನು 1.4ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 120 ಜಿಎಸ್‌ಎಂ.

ಈಗ ಕೂಡಿಸಿ: 180 + 168 + 120 + 168 + 150 = 786. ಬೋರ್ಡ್ ತೂಗಿದ್ದು 810. ನಡುವಿನ 24 ಗ್ರಾಂ ಅಂಟು. ನಾಲ್ಕು ಅಂಟಿನ ಸಾಲುಗಳಿಗೆ ಇದು ಸರಿಯಾದ ಪ್ರಮಾಣ. ಈ ವ್ಯತ್ಯಾಸ ಐವತ್ತು ಗ್ರಾಂ ದಾಟಿದರೆ ಎಲ್ಲೋ ತೂಕ ತಪ್ಪಿದೆ, ಇಲ್ಲವೇ ಬಾಕ್ಸ್ ತೇವ ಕುಡಿದಿದೆ. ಎರಡನೇ ಬಾಕ್ಸ್‌ನಿಂದ ಮತ್ತೆ ಮಾಡಿ.

ತೂಕದಿಂದ ಜಿಎಸ್‌ಎಂ ಸಿಗುತ್ತದೆ, ಒತ್ತಡಕ್ಕೆ ಹರಿಯದೆ ನಿಲ್ಲುವ ಪೇಪರ್‌ನ ಬಲವನ್ನು ಹೇಳುವ ಬಿಎಫ್ ಸಿಗುವುದಿಲ್ಲ. ಅದಕ್ಕೆ ಬರ್ಸ್ಟಿಂಗ್ ಪರೀಕ್ಷೆ ಬೇಕು. ಪಿಒದಲ್ಲಿ ಹೊರ ಲೈನರ್ 22 ಬಿಎಫ್, ಉಳಿದವು 18 ಬಿಎಫ್ ಎಂದಿದ್ದರೆ ಬಾಕ್ಸ್‌ನ ಒಟ್ಟು ಬರ್ಸ್ಟಿಂಗ್ ಎಷ್ಟಿರಬೇಕು ಎಂದು ಮೊದಲೇ ಲೆಕ್ಕ ಹಾಕಬಹುದು. ಪ್ರತಿ ಲೈನರ್‌ಗೆ ಜಿಎಸ್‌ಎಂ ಗುಣಿಸು ಬಿಎಫ್ ಭಾಗಿಸು ಸಾವಿರ, ಫ್ಲೂಟ್‌ಗೆ ಅದರ ಅರ್ಧ. ನಮ್ಮ ಬಾಕ್ಸ್‌ಗೆ 3.96 + 2.16 + 2.70, ಎರಡು ಫ್ಲೂಟ್ ಸೇರಿ 2.16, ಒಟ್ಟು ಸುಮಾರು 11 ಕೆ.ಜಿ. ಪ್ರತಿ ಚದರ ಸೆಂ.ಮೀ.ಗೆ. ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಕ್ಕೆ ಒಂದು ಬಾಕ್ಸ್ ಕಳಿಸಿ. ವರದಿ 8 ಅಥವಾ 9 ಎಂದರೆ ನೀವು 22 ಬಿಎಫ್ ದರ ಕೊಟ್ಟು ಕಡಿಮೆ ದರ್ಜೆಯ ಪೇಪರ್ ಪಡೆಯುತ್ತಿದ್ದೀರಿ. ಆಗ ರೇಟ್ ಮಾತುಕತೆಗೆ ಮುಂಚೆ ಆ ವಿಷಯ ಇತ್ಯರ್ಥವಾಗಬೇಕು. ಎರಡನ್ನೂ ಒಟ್ಟಿಗೆ ಎಳೆದರೆ ಒಂದನ್ನು ಇನ್ನೊಂದರಲ್ಲಿ ಮುಳುಗಿಸಿಬಿಡುತ್ತಾರೆ.

## ಹಂತ 2: ಹಾಳೆಯ ಅಳತೆ ತೆಗೆಯುವುದು

ಬಾಕ್ಸ್ ಬಿಡಿಸಿ ನೆಲದ ಮೇಲೆ ಹರಡಿದರೆ ಅದು ಒಂದು ಉದ್ದನೆಯ ಹಾಳೆ. ಉದ್ದ ಎಂದರೆ ನಾಲ್ಕು ಗೋಡೆ ಮತ್ತು ಹೊಲಿಗೆಯ ಫ್ಲ್ಯಾಪ್: 2 × (450 + 300) + 40. ರಟ್ಟಿನ ದಪ್ಪ ಮಡಿಕೆಯಲ್ಲಿ ತಿನ್ನುವುದರಿಂದ ಪ್ರತಿ ಗೋಡೆಗೆ ಸುಮಾರು 5 ಮಿ.ಮೀ. ಸೇರಿಸಬೇಕು. ಒಟ್ಟು 1,560 ಮಿ.ಮೀ. ಅಗಲ ಎಂದರೆ ಬಾಕ್ಸ್‌ನ ಎತ್ತರ ಮತ್ತು ಅಗಲ: 300 + 300, ಮಡಿಕೆಗಳಿಗೆ 15 ಸೇರಿ 615 ಮಿ.ಮೀ. ಇದನ್ನೇ ಡೆಕಲ್ ಎನ್ನುತ್ತಾರೆ. ಹರಡಿದ ಬಾಕ್ಸ್ ಮೇಲೆ ಸ್ಕೇಲ್ ಇಟ್ಟು ಈ ಎರಡನ್ನೂ ತಾಳೆ ನೋಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಹೊರ ಅಳತೆಯನ್ನು ಒಳ ಅಳತೆ ಎಂದು ಹಿಡಿಯುವುದು. ಐದು ಪ್ಲೈ ಬಾಕ್ಸ್‌ನಲ್ಲಿ ಎರಡಕ್ಕೂ ಹತ್ತು ಮಿ.ಮೀ.ಗಿಂತ ಹೆಚ್ಚು ಅಂತರ ಇರುತ್ತದೆ. ಲೆಕ್ಕ ಪ್ರತಿ ಬಾಕ್ಸ್‌ಗೂ ರೂಪಾಯಿ ಲೆಕ್ಕದಲ್ಲಿ ತಪ್ಪುತ್ತದೆ.

ಇನ್ನು ಅಂಚು ಕತ್ತರಿಸುವ ವೇಸ್ಟ್. ಉದ್ದಕ್ಕೆ 20 ಮಿ.ಮೀ. ಸೇರಿ 1,580. ಅಗಲದ ವಿಷಯ ಬೇರೆ. ಬಾಕ್ಸ್ ನಿಂತಾಗ ಅಲೆಗಳು ಮೇಲಿಂದ ಕೆಳಕ್ಕೆ ಇರಬೇಕು, ಆಗಲೇ ಅದು ಭಾರ ತಡೆಯುತ್ತದೆ. ಹಾಗಾಗಿ ಡೆಕಲ್ ಯಾವಾಗಲೂ ರೀಲ್‌ನ ಅಗಲದ ದಿಕ್ಕಿನಲ್ಲೇ ಬರುತ್ತದೆ. ರೀಲ್‌ನ ಅಗಲದಲ್ಲಿ ಎರಡು ಬಾಕ್ಸ್ ಪಕ್ಕಪಕ್ಕ ಬರುವಂತೆ ಜೋಡಿಸಿದರೆ 615 + 615, ಅಂಚಿಗೆ 20, ಒಟ್ಟು 1,250 ಮಿ.ಮೀ. ಅಂದರೆ 125 ಸೆಂ.ಮೀ. ರೀಲ್ ಬೇಕು. ಒಂದು ಬಾಕ್ಸ್‌ನ ಪಾಲಿಗೆ 625. ಹಾಳೆಯ ವಿಸ್ತೀರ್ಣ 1.580 × 0.625 = 0.9875 ಚದರ ಮೀಟರ್. ಕತ್ತರಿಸಿ ಉಳಿಯುವ ಬಾಕ್ಸ್ 1.560 × 0.615 = 0.959.

ಈ 125 ಸೆಂ.ಮೀ. ಎಂಬ ಸಂಖ್ಯೆಯನ್ನು ದೊಡ್ಡದಾಗಿ ಬರೆದಿಟ್ಟುಕೊಳ್ಳಿ. ಮಾತುಕತೆಯಲ್ಲಿ ಇದಕ್ಕೆ ತುಂಬಾ ಬೆಲೆ ಇದೆ.

## ಹಂತ 3: ಪೇಪರ್‌ನ ಖರ್ಚು

ಬಾಕ್ಸ್ ಬೆಲೆಯ ಮೂರನೇ ಎರಡು ಭಾಗ ಪೇಪರ್. ಹಾಗಾಗಿ ಹೆಚ್ಚಿನ ಸಮಯ ಇಲ್ಲೇ ಕಳೆಯಬೇಕು, ಇಂಕಿನ ಇಪ್ಪತ್ತು ಪೈಸೆಗೆ ತಲೆ ಕೆಡಿಸಿಕೊಳ್ಳಬಾರದು.

ದರವನ್ನು ಕನಿಷ್ಠ ಇಬ್ಬರು ಪೇಪರ್ ಏಜೆಂಟರಲ್ಲಿ ಕೇಳಿ. ನಂಜನಗೂಡು ಕಡೆಯ ಗಿರಣಿ ಪೇಪರ್‌ಗೂ ತಮಿಳುನಾಡಿನಿಂದ ಬರುವುದಕ್ಕೂ ದರ, ಬಾಡಿಗೆ ಎರಡೂ ಬೇರೆಯಾಗಬಹುದು. ಕೇಳುವಾಗ ನಾಲ್ಕು ವಿಷಯ ಬಿಡಿಸಿ ಕೇಳಿ: ಬಿಎಫ್ ಮತ್ತು ಜಿಎಸ್‌ಎಂ ಎಷ್ಟು, ಬೆಂಗಳೂರಿಗೆ ತಲುಪಿಸಿದ ದರವೇ, ಜಿಎಸ್‌ಟಿ ಹೊರತುಪಡಿಸಿಯೇ, ನಗದೇ ಸಾಲವೇ. “ಕ್ರಾಫ್ಟ್ ಎಷ್ಟು ನಡೀತಿದೆ?” ಎಂದಷ್ಟೇ ಕೇಳಿದರೆ ಸಿಗುವ ಸಂಖ್ಯೆ ಯಾವುದಕ್ಕೂ ಬಾರದು.

ನಮ್ಮ ಉದಾಹರಣೆಗೆ 22 ಬಿಎಫ್ ಕೆ.ಜಿ.ಗೆ ₹37, 18 ಬಿಎಫ್ ₹33 ಎಂದಿಟ್ಟುಕೊಳ್ಳೋಣ. ಹೊರ ಲೈನರ್ 180 ಗ್ರಾಂ ಮಾತ್ರ ಮೊದಲನೆಯದು. ಉಳಿದ 606 ಗ್ರಾಂ ಎರಡನೆಯದು. ಯಂತ್ರಕ್ಕೆ ರೀಲ್ ಏರಿಸುವಾಗ, ಮುದ್ರಣ ಸರಿಹೊಂದಿಸುವಾಗ ಹಾಳಾಗುವುದಕ್ಕೆ 4 ಪರ್ಸೆಂಟ್ ಬಿಡೋಣ. ಎಕ್ಸೆಲ್‌ನಲ್ಲಿ ಹೀಗೆ:

```
=(180*37+606*33)/1000*0.9875/0.96
```

ಉತ್ತರ ₹27.42. ಒಂದು ಬಾಕ್ಸ್‌ಗೆ ರೀಲ್‌ನಿಂದ ಖರ್ಚಾಗುವ ಪೇಪರ್ 808 ಗ್ರಾಂ. ಬಾಕ್ಸ್‌ನಲ್ಲಿ ಉಳಿಯುವುದು 754 ಗ್ರಾಂ. ನಡುವಿನ 54 ಗ್ರಾಂ ಚೂರನ್ನು ಸಪ್ಲೈಯರ್ ರದ್ದಿಗೆ ಮಾರುತ್ತಾರೆ. ಕೆ.ಜಿ.ಗೆ ₹14 ಹಿಡಿದರೆ 76 ಪೈಸೆ. ಇದನ್ನು ಕಳೆದರೆ ಪೇಪರ್ ಖರ್ಚು ₹26.66.

ರದ್ದಿಯ ಹಣವನ್ನು ಕಳೆಯಲು ಹೆಚ್ಚಿನವರು ಮರೆಯುತ್ತಾರೆ. ಇನ್ನು ಕೆಲವರು ಅಲೆಯ 1.4 ಪಟ್ಟನ್ನು ಮರೆತು 180, 120, 120, 120, 150 ಎಂದು ನೇರ ಕೂಡಿಸಿ 690 ಬರೆಯುತ್ತಾರೆ. ಆಗ ಪೇಪರ್ ಖರ್ಚು ಮೂರು ರೂಪಾಯಿಗೂ ಹೆಚ್ಚು ಕಡಿಮೆ ಕಾಣುತ್ತದೆ. ಆ ಹಾಳೆ ಹಿಡಿದು ಸಪ್ಲೈಯರ್ ಮುಂದೆ ಕೂತರೆ ಅವರು ಒಂದೇ ನಿಮಿಷದಲ್ಲಿ ತಪ್ಪು ತೋರಿಸುತ್ತಾರೆ. ನಂತರ ನೀವು ಹೇಳುವ ಸರಿ ಸಂಖ್ಯೆಯನ್ನೂ ಅವರು ನಂಬುವುದಿಲ್ಲ.

## ಹಂತ 4: ಅಂಟು, ತಂತಿ, ಇಂಕು

ಅಂಟಿನ ಪುಡಿ 24 ಗ್ರಾಂ, ಕೆ.ಜಿ.ಗೆ ₹45ರಂತೆ ₹1.08. ಸ್ಟಿಚಿಂಗ್ ತಂತಿಗೆ 20 ಪೈಸೆ, ಒಂದು ಬಣ್ಣದ ಇಂಕಿಗೆ 30 ಪೈಸೆ. ಒಟ್ಟು ₹1.58. ಮುದ್ರಣದ ಅಚ್ಚಾದ ಸ್ಟೀರಿಯೋ ಒಂದು ಸಲದ ಖರ್ಚು. ಅದನ್ನು ಬಾಕ್ಸ್ ದರದೊಳಗೆ ಸೇರಿಸಲು ಬಿಡಬೇಡಿ, ಪ್ರತ್ಯೇಕವಾಗಿ ಒಮ್ಮೆ ಕೊಟ್ಟು ಮುಗಿಸಿ. ಸೇರಿಸಿದರೆ ಅದರ ಹಣ ತೀರಿದ ಮೇಲೂ ದರದಲ್ಲಿ ಉಳಿದುಬಿಡುತ್ತದೆ.

## ಹಂತ 5: ತಯಾರಿಕೆಯ ಖರ್ಚು

ಕೂಲಿ, ಕರೆಂಟು, ಶೆಡ್ ಬಾಡಿಗೆ, ಯಂತ್ರದ ಸವಕಳಿ, ರಿಪೇರಿ ಇವೆಲ್ಲ ಇಲ್ಲಿ ಬರುತ್ತವೆ. ಒಂದೊಂದು ಬಾಕ್ಸ್‌ಗೆ ಎಷ್ಟು ನಿಮಿಷ ಎಂದು ಹೊರಗಿನವರು ಲೆಕ್ಕ ಹಾಕುವುದು ಕಷ್ಟ, ಹಾಕಿದರೂ ನಿಲ್ಲುವುದಿಲ್ಲ. ಇದಕ್ಕಿಂತ ಗಟ್ಟಿಯಾದ ದಾರಿ, ಕಾರ್ಖಾನೆಗೆ ಹೋಗಿ ಒಂದು ಗಂಟೆ ನೋಡಿ ಬರುವುದು. ಎಷ್ಟು ಜನ ಇದ್ದಾರೆ, ಯಾವ ಯಂತ್ರಗಳಿವೆ, ಶೆಡ್ ಸ್ವಂತದ್ದೋ ಬಾಡಿಗೆಯದೋ, ತಿಂಗಳಿಗೆ ಎಷ್ಟು ಟನ್ ಪೇಪರ್ ಓಡುತ್ತದೆ. ಈ ನಾಲ್ಕನೆಯದನ್ನು ಮಾಲೀಕರು ಹೆಮ್ಮೆಯಿಂದಲೇ ಹೇಳುತ್ತಾರೆ.

ಸಿಂಗಲ್ ಫೇಸರ್, ಪೇಸ್ಟಿಂಗ್, ಪ್ರಿಂಟಿಂಗ್, ಸ್ಟಿಚಿಂಗ್ ಬೇರೆ ಬೇರೆ ಯಂತ್ರಗಳಲ್ಲಿ ನಡೆಯುವ ಸೆಮಿ ಆಟೋಮ್ಯಾಟಿಕ್ ಘಟಕ, ಇಪ್ಪತ್ತೈದು ಜನ. ಕೂಲಿ ₹5 ಲಕ್ಷ, ಬಾಡಿಗೆ ₹1.2 ಲಕ್ಷ, ಕರೆಂಟು ₹80 ಸಾವಿರ, ಸವಕಳಿ ಮತ್ತು ರಿಪೇರಿ ₹1 ಲಕ್ಷ. ಒಟ್ಟು ತಿಂಗಳಿಗೆ ₹8 ಲಕ್ಷ. 100 ಟನ್ ಓಡಿದರೆ ಕೆ.ಜಿ.ಗೆ ₹8. ನಮ್ಮ ಬಾಕ್ಸ್ ಅಂಟು ಸೇರಿ 777 ಗ್ರಾಂ, ಆದ್ದರಿಂದ ₹6.22.

ಅದೇ ಘಟಕದಲ್ಲಿ 60 ಟನ್ ಮಾತ್ರ ಓಡುತ್ತಿದ್ದರೆ ಕೆ.ಜಿ.ಗೆ ₹13 ದಾಟುತ್ತದೆ. ಆ ಖಾಲಿ ಯಂತ್ರದ ಖರ್ಚನ್ನು ನೀವು ಹೊರಬೇಕೇ ಎಂಬುದು ನ್ಯಾಯವಾದ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ, ಚೆನ್ನಾಗಿ ನಡೆಯುವ ಕಾರ್ಖಾನೆಯ ಮಟ್ಟದಲ್ಲೇ ಲೆಕ್ಕ ಕಟ್ಟಬೇಕು. ಆದರೆ ಕೂಲಿಯನ್ನು ಎಂದೂ ಕನಿಷ್ಠ ವೇತನಕ್ಕಿಂತ, ಪಿಎಫ್ ಇಎಸ್‌ಐಗಿಂತ ಕೆಳಗೆ ಹಿಡಿಯಬಾರದು. ಅಷ್ಟು ಕೆಳಗೆ ಹಿಡಿದರೆ ಮಾತ್ರ ನಿಮ್ಮ ದರ ಹೊಂದುತ್ತದೆ ಎಂದಾದರೆ ಆ ದರ ತಪ್ಪು.

## ಹಂತ 6: ಸಾಗಣೆ, ಸಾಲದ ಬಡ್ಡಿ, ಲಾಭ

ಬಾಕ್ಸ್‌ಗಳ ಲಾರಿ ತೂಕಕ್ಕೆ ತುಂಬುವುದಿಲ್ಲ, ಜಾಗಕ್ಕೆ ತುಂಬುತ್ತದೆ. ಮಡಿಸಿದ ಈ ಬಾಕ್ಸ್ ಸುಮಾರು 760 × 615 ಮಿ.ಮೀ., ದಪ್ಪ 12 ಮಿ.ಮೀ. ಹತ್ತು ಅಡಿಯ 407 ಗಾಡಿಯಲ್ಲಿ ಸಂದುಗಳನ್ನು ಬಿಟ್ಟು ಹತ್ತಿರ ಹತ್ತಿರ 1,500 ಹಿಡಿಯುತ್ತದೆ. ಪೀಣ್ಯದಿಂದ ಬೊಮ್ಮಸಂದ್ರಕ್ಕೆ ₹3,000 ಬಾಡಿಗೆ ಎಂದರೆ ಬಾಕ್ಸ್‌ಗೆ ₹2.

ಈಗ ಚಲನ್‌ಗಳನ್ನು ತೆಗೆಯಿರಿ. ನಿಮ್ಮ ಸ್ಟೋರ್ಸ್‌ನವರು ಜಾಗ ಇಲ್ಲ ಎಂದು ಹತ್ತು ದಿನಕ್ಕೊಮ್ಮೆ 500 ತರಿಸುತ್ತಿದ್ದರೆ, ಸಣ್ಣ ಟಾಟಾ ಏಸ್‌ಗೆ ₹1,800 ಹಿಡಿದರೂ ಬಾಕ್ಸ್‌ಗೆ ₹3.60. ಬೆಳಗ್ಗೆ ಸಂಜೆ ಟ್ರಾಫಿಕ್ ಹೊತ್ತಿನಲ್ಲಿ ಗೂಡ್ಸ್ ಗಾಡಿಗಳಿಗೆ ನಗರದ ರಸ್ತೆಗಳಲ್ಲಿ ನಿರ್ಬಂಧವಿರುವುದರಿಂದ ಒಂದು ಟ್ರಿಪ್‌ಗೇ ದಿನದ ಬಾಡಿಗೆ ಆಗುವುದೂ ಉಂಟು. ಈ ಖರ್ಚು ನಿಮ್ಮ ಆರ್ಡರ್ ಪದ್ಧತಿಯಿಂದ ಹುಟ್ಟಿದ್ದು, ಸಪ್ಲೈಯರ್‌ನ ದುರಾಸೆಯಿಂದಲ್ಲ. ಬಾಕ್ಸ್‌ನ ನ್ಯಾಯವಾದ ಲೆಕ್ಕದಲ್ಲಿ ₹2 ಬರೆದು, ಉಳಿದ ₹1.60 ಅನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

ಬಡ್ಡಿಗೆ 45 ದಿನದ ಮೇಲೆ ಹೋಗಬೇಡಿ. ಬಾಕ್ಸ್ ತಯಾರಕರಲ್ಲಿ ಬಹುತೇಕರು ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯವರು. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕು. ದರ ಇಳಿಸಲು 90 ದಿನದ ಸಾಲ ಕೇಳುವುದು ಅಲ್ಲಿಗೆ ಮುಗಿಯಿತು. ಇಲ್ಲಿಯವರೆಗಿನ ಖರ್ಚು 26.66 + 1.58 + 6.22 + 2.00 = ₹36.46. ವರ್ಷಕ್ಕೆ 12 ಪರ್ಸೆಂಟ್‌ನಂತೆ 45 ದಿನಕ್ಕೆ 54 ಪೈಸೆ, ಸೇರಿಸಿದರೆ ₹37.00. ಅದರ ಮೇಲೆ 7 ಪರ್ಸೆಂಟ್ ಲಾಭ ₹2.59.

ಆಗಬೇಕಾದ ಬೆಲೆ ₹39.59.

## ಹಂತ 7: ಜಿಎಸ್‌ಟಿಯ ಗೋಜಲನ್ನು ಬೇರೆ ಹಾಳೆಯಲ್ಲಿ ಬಿಡಿಸುವುದು

2025ರ ಸೆಪ್ಟೆಂಬರ್ 22ರಿಂದ ಕಾರುಗೇಟೆಡ್ ಬಾಕ್ಸ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿಯಿತು, ಕ್ರಾಫ್ಟ್ ಪೇಪರ್ ಮೇಲಿನದು 12ರಿಂದ 18ಕ್ಕೆ ಏರಿತು. ಹೀಗಾಗಿ ಸಪ್ಲೈಯರ್ ಕೊಳ್ಳುವಾಗ ಹೆಚ್ಚು ತೆರಿಗೆ ಕೊಟ್ಟು, ಮಾರುವಾಗ ಕಡಿಮೆ ವಸೂಲು ಮಾಡುತ್ತಾರೆ. “ಜಿಎಸ್‌ಟಿಯಿಂದ ನಮಗೆ ಬಾಕ್ಸ್‌ಗೆ ಮೂರು ರೂಪಾಯಿ ಹೊರೆ” ಎಂಬ ಮಾತು ನಿಮಗೆ ಖಂಡಿತ ಕೇಳಿಬರುತ್ತದೆ.

ಲೆಕ್ಕ ಹಾಕಿ ನೋಡಿ. ₹27.42ರ ಪೇಪರ್‌ಗೆ 18 ಪರ್ಸೆಂಟ್ ಎಂದರೆ ₹4.94. ₹39.59ರ ಬಾಕ್ಸ್‌ಗೆ 5 ಪರ್ಸೆಂಟ್ ಎಂದರೆ ₹1.98. ವ್ಯತ್ಯಾಸ ಹತ್ತಿರ ಹತ್ತಿರ ₹3, ಅವರ ಮಾತು ನಿಜ. ಆದರೆ ಕಚ್ಚಾ ವಸ್ತುವಿನ ಮೇಲೆ ಹೀಗೆ ಉಳಿದ ತೆರಿಗೆಗೆ ರೀಫಂಡ್ ಕೇಳುವ ಅವಕಾಶವಿದೆ. ನಿಜವಾದ ಖರ್ಚು ಆ ಹಣ ಸಿಕ್ಕಿಕೊಂಡಿರುವ ಅವಧಿಯ ಬಡ್ಡಿ ಮಾತ್ರ: ಮೂರು ತಿಂಗಳು ಹಿಡಿದರೂ 9 ಪೈಸೆ. ಯಂತ್ರಗಳ ಮೇಲೆ, ಬಾಡಿಗೆಯಂಥ ಸೇವೆಗಳ ಮೇಲೆ ಕಟ್ಟಿದ ತೆರಿಗೆಗೆ ಈ ರೀಫಂಡ್ ಸಿಗುವುದಿಲ್ಲ, ಅದನ್ನೂ ಒಪ್ಪಿಕೊಳ್ಳಿ. ಬಾಕ್ಸ್‌ಗೆ ಕೆಲವು ಪೈಸೆ ಕೊಡಲು ತಯಾರಾಗಿ ಹೋಗಿ, ಮೂರು ರೂಪಾಯಿಗಲ್ಲ.

## ಹಂತ 8: ಅಂತರವನ್ನು ಕಾರಣವಾರು ಬಿಡಿಸುವುದು

ಕೊಟೇಶನ್ ₹46, ನಿಮ್ಮ ಲೆಕ್ಕ ₹39.59. ಅಂತರ ₹6.41. ಈ ಹಂತದಲ್ಲಿ ಹೆಚ್ಚಿನವರು “ನನ್ನ ಲೆಕ್ಕ ನಲವತ್ತು ರೂಪಾಯಿ, ಅಷ್ಟಕ್ಕೆ ಕೊಡಿ” ಎಂದು ಹಾಳೆಯನ್ನು ಮೇಜಿನ ಮೇಲೆ ಇಟ್ಟುಬಿಡುತ್ತಾರೆ. ಮಾತುಕತೆ ಅಲ್ಲಿಗೇ ಕೆಡುತ್ತದೆ. ಹಾಳೆ ನಿಮ್ಮ ಹತ್ತಿರವೇ ಇರಲಿ. ದರದ ಬದಲು ಕಾರಣಗಳನ್ನು ಕೇಳಿ, ಒಂದು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಇನ್ನೊಂದಕ್ಕೆ ಹೋಗಿ.

ಮೊದಲ ಪ್ರಶ್ನೆ: “ಸರ್, ಈ ಬಾಕ್ಸ್‌ಗೆ ಯಾವ ಸೈಜ್ ರೀಲ್ ಹಾಕ್ತೀರಿ?” ನಮ್ಮ ಉದಾಹರಣೆಯಲ್ಲಿ ಉತ್ತರ 135 ಸೆಂ.ಮೀ., ಯಾಕೆಂದರೆ ಅದೇ ಅವರ ಹತ್ತಿರ ಸ್ಟಾಕ್ ಇರುವುದು. ಬೇಕಾದದ್ದು 125. ಪ್ರತಿ ಬಾಕ್ಸ್‌ಗೆ 5 ಸೆಂ.ಮೀ. ಪಟ್ಟಿ ರದ್ದಿಗೆ ಹೋಗುತ್ತಿದೆ. ರದ್ದಿಯ ಹಣ ಕಳೆದರೂ ₹1.29, ಬಡ್ಡಿ ಲಾಭ ಸೇರಿ ₹1.40. ಇದರಿಂದ ಅವರಿಗೂ ಲಾಭವಿಲ್ಲ, ನಿಮಗೂ ಇಲ್ಲ. ಮೂರು ತಿಂಗಳ ಆರ್ಡರ್ ಒಟ್ಟಿಗೆ ಖಚಿತಪಡಿಸಿದರೆ ಅವರು ಗಿರಣಿಯಿಂದ 125ರ ರೀಲ್ ತರಿಸಬಹುದು. ನಿಮ್ಮ ಪಾಲಿನ ಕೆಲಸ ಆ ಖಚಿತತೆ ಕೊಡುವುದು.

ಎರಡನೆಯದು ಸಾಗಣೆ. ಚಲನ್ ತೋರಿಸಿ, ತಿಂಗಳಿಗೊಮ್ಮೆ 1,500 ತೆಗೆದುಕೊಂಡರೆ ಎಷ್ಟು ಇಳಿಯುತ್ತದೆ ಎಂದು ಕೇಳಿ. ₹1.60ಕ್ಕೆ ಬಡ್ಡಿ ಲಾಭ ಸೇರಿ ₹1.74 ಬರಬೇಕು. ಇದಕ್ಕೆ ಮುಂಚೆ ಸ್ಟೋರ್ಸ್‌ನಲ್ಲಿ ಒಣಗಿದ ಜಾಗ ನಿಜವಾಗಿಯೂ ಇದೆಯೇ ನೋಡಿಕೊಳ್ಳಿ. ಮಳೆಗಾಲದಲ್ಲಿ ನೆಲದ ಮೇಲೆ ಒಂದು ತಿಂಗಳು ಇಟ್ಟ ಬಾಕ್ಸ್ ತನ್ನ ಬಲವನ್ನು ಕಳೆದುಕೊಂಡಿರುತ್ತದೆ. ಜಾಗ ಇಲ್ಲದಿದ್ದರೆ ಈ ಉಳಿತಾಯವನ್ನು ಕೇಳಲೇಬೇಡಿ.

ಮೂರನೆಯದು ಪೇಪರ್ ದರ. “ಯಾವ ತಿಂಗಳ ಇನ್‌ವಾಯ್ಸ್ ಮೇಲೆ ಈ ಕೊಟೇಶನ್?” ದರ ಏರಿದ್ದಾಗ ಕಟ್ಟಿದ ಕೊಟೇಶನ್ ಇಳಿದ ಮೇಲೂ ಹಾಗೆಯೇ ಉಳಿದಿರುವುದು ಸಾಮಾನ್ಯ. ಕೆ.ಜಿ.ಗೆ ₹3 ಹೆಚ್ಚು ಹಿಡಿದಿದ್ದರೆ 808 ಗ್ರಾಂಗೆ ₹2.43, ಎಲ್ಲ ಸೇರಿ ₹2.64.

ಮೂರೂ ಕೂಡಿದರೆ ₹5.78. ಉಳಿದದ್ದು 63 ಪೈಸೆ. ಅದರಲ್ಲಿ ಜಿಎಸ್‌ಟಿ ಬಡ್ಡಿ ಇದೆ, ನಿಮ್ಮ ಲೆಕ್ಕಕ್ಕೆ ಸಿಗದ ಸಣ್ಣಪುಟ್ಟ ಖರ್ಚುಗಳಿವೆ. ಅದನ್ನು ಬಿಟ್ಟುಬಿಡಿ. ಈ ಪದ್ಧತಿಯ ಲೆಕ್ಕ ಎರಡು ಮೂರು ಪರ್ಸೆಂಟ್ ಆಚೀಚೆ ಆಗಿಯೇ ಆಗುತ್ತದೆ, ಅಷ್ಟರೊಳಗಿನ ಅಂತರಕ್ಕೆ ಜಗ್ಗಾಡುವುದರಲ್ಲಿ ಅರ್ಥವಿಲ್ಲ.

## ನಿಲ್ಲಬೇಕಾದ ಸೂಚನೆಗಳು

ನಿಮ್ಮ ಲೆಕ್ಕಕ್ಕಿಂತಲೂ ಕೆಳಗೆ ಯಾರಾದರೂ ಸುಲಭವಾಗಿ ಒಪ್ಪಿದರೆ ಖುಷಿಪಡುವ ಮುನ್ನ ಪೇಪರ್, ಅಂಟು, ತಂತಿ, ಇಂಕಿನ ಮೊತ್ತ ನೋಡಿ. ನಮ್ಮ ಬಾಕ್ಸ್‌ಗೆ ಅದು ₹28ರ ಮೇಲಿದೆ. ₹34ಕ್ಕೆ ಕೊಡುತ್ತೇನೆ ಎನ್ನುವವರಿಗೆ ಕೂಲಿ, ಬಾಡಿಗೆ, ಸಾಗಣೆ ಎಲ್ಲಕ್ಕೂ ಸೇರಿ ಉಳಿಯುವುದು ₹6 ಮಾತ್ರ. ಅವರು ಎಲ್ಲೋ ಕಡಿತ ಮಾಡಲೇಬೇಕು. ಹೆಚ್ಚಾಗಿ ಒಳಗಿನ ಫ್ಲೂಟ್ 120ರಿಂದ 100 ಜಿಎಸ್‌ಎಂಗೆ ಇಳಿಯುತ್ತದೆ, ಹೊರಗಿನಿಂದ ಕಾಣುವುದಿಲ್ಲ.

ಸಪ್ಲೈಯರ್ ರೀಲ್ ಸೈಜ್, ಜಿಎಸ್‌ಎಂ ಯಾವುದನ್ನೂ ಹೇಳದೆ “ಒಟ್ಟು ಕೆ.ಜಿ. ರೇಟ್ ಮಾಡಿಕೊಳ್ಳೋಣ” ಎಂದರೂ ಎಚ್ಚರ. ಕೆ.ಜಿ. ಲೆಕ್ಕದಲ್ಲಿ ಕೊಂಡರೆ ಭಾರದ, ಕಡಿಮೆ ಬಿಎಫ್ ಪೇಪರ್ ಹಾಕಿದಷ್ಟೂ ಅವರಿಗೆ ಲಾಭ. ಬಾಕ್ಸ್ ತೂಕ ಹೆಚ್ಚುತ್ತದೆ, ಬಲ ಹೆಚ್ಚುವುದಿಲ್ಲ.

## ಹಂತ 9: ಒಪ್ಪಿದ್ದನ್ನು ಪಿಒದಲ್ಲಿ ಬರೆಯುವುದು, ಗೇಟಿನಲ್ಲಿ ತೂಗುವುದು

ಪಿಒದಲ್ಲಿ “ಐದು ಪ್ಲೈ ಬಾಕ್ಸ್” ಎಂದಷ್ಟೇ ಬರೆದರೆ ಇಷ್ಟು ಹೊತ್ತಿನ ಕೆಲಸ ನೀರುಪಾಲು. ಒಳ ಅಳತೆ, ಪ್ರತಿ ಪದರದ ಜಿಎಸ್‌ಎಂ ಮತ್ತು ಬಿಎಫ್, ಒಟ್ಟು ಬರ್ಸ್ಟಿಂಗ್, ಬಾಕ್ಸ್‌ನ ತೂಕ 777 ಗ್ರಾಂ, ಅದರಲ್ಲಿ ಒಪ್ಪುವ ಏರಿಳಿತ 5 ಪರ್ಸೆಂಟ್ ಎಂದು ಬರೆಯಿರಿ. ಪೇಪರ್ ದರ ಬದಲಾದರೆ ಏನು ಎಂಬುದನ್ನೂ ಅಲ್ಲೇ ಸೇರಿಸಿ: ಕೆ.ಜಿ.ಗೆ ₹1 ಏರಿದರೆ ಅಥವಾ ಇಳಿದರೆ ಬಾಕ್ಸ್‌ಗೆ 81 ಪೈಸೆ, ಮೂರು ತಿಂಗಳಿಗೊಮ್ಮೆ ಪೇಪರ್ ಇನ್‌ವಾಯ್ಸ್ ನೋಡಿ. ಏರಿದಾಗ ನೀವು ಕೊಡದಿದ್ದರೆ ಇಳಿದಾಗ ಕೇಳುವ ಹಕ್ಕು ಉಳಿಯುವುದಿಲ್ಲ.

ಹೊಸ ದರದ ಮೊದಲ ಲೋಡ್ ಬಂದ ದಿನವೇ ಬೇರೆ ಬೇರೆ ಕಟ್ಟುಗಳಿಂದ ಹತ್ತು ಬಾಕ್ಸ್ ತೆಗೆದು ಒಟ್ಟಿಗೆ ತೂಗಿ. 7.4 ಕೆ.ಜಿ.ಗಿಂತ ಕೆಳಗಿದ್ದರೆ ಇಳಿಸುವುದಕ್ಕೆ ಮುಂಚೆಯೇ ಸಪ್ಲೈಯರ್‌ಗೆ ಫೋನ್ ಮಾಡಿ. 8.2 ಕೆ.ಜಿ. ದಾಟಿದ್ದರೂ ಸಂತೋಷಪಡಬೇಡಿ: ಅಂಟು ಇನ್ನೂ ಒಣಗದ ಬಾಕ್ಸ್‌ಗಳು ಬಂದಿರಬಹುದು, ಒಂದನ್ನು ಕೈಯಲ್ಲಿ ಒತ್ತಿದರೆ ಮೆತ್ತಗಿರುತ್ತದೆ. ಅಂಥದ್ದನ್ನು ಎರಡು ದಿನ ಗಾಳಿಗೆ ಬಿಟ್ಟು ಮತ್ತೆ ತೂಗಿ, ಆಮೇಲೆ ಮಾಲು ಸ್ವೀಕರಿಸಿದ್ದಕ್ಕೆ ಜಿಆರ್‌ಎನ್ ಹಾಕಿ. ಮೂರನೇ ತಿಂಗಳಲ್ಲಿ ಮತ್ತೊಂದು ಬಾಕ್ಸ್ ಕೊಯ್ದು, ನೆನೆಸಿ, ಐದು ಪದರಗಳನ್ನು ತೂಗಿ ಮೊದಲ ಹಾಳೆಯ ಪಕ್ಕದಲ್ಲಿ ಬರೆದಿಡಿ.